ಮಾದರಿ ಉತ್ತರದ ನಾಲ್ಕನೆಯ ಭಾಗ

ಲಿಫ್ಟ್ ಮೆಕ್ಯಾನಿಕ್ಕು ನಲವತ್ತಾರನೆಯ ವಯಸ್ಸಿನಲ್ಲಿ ಸಂಜೆ ಕಾಲೇಜು ಸೇರಿ ಕಾನೂನು ಓದಲು ಹೊರಟಾಗ ನಕ್ಕವರೇ ಹೆಚ್ಚು. ನಗದವಳು ಹೆಂಡತಿ ಒಬ್ಬಳೇ, ಅದೂ ಪ್ರೀತಿಯಿಂದಲ್ಲ. ಆರು ವರ್ಷದ ಹಿಂದೆ ಅವನು ಒಂದು ತಿಂಗಳು ತಪಾಸಣೆ ಬಿಟ್ಟ ಲಿಫ್ಟು ಕುಸಿದು ಅವಳದೇ ಕಾಲು ಮುರಿದಿತ್ತು. ಅಂದಿನಿಂದ ಮನೆಯಲ್ಲಿ ಹಾವು ಮುಂಗುಸಿಯ ಬಾಳು. ನೀವು ನೋಡಿದ್ದಿದ್ರೆ ಎಂದು ಅವಳು ಶುರುಮಾಡುವಳು. ನೋಡಿದ್ದರೂ ಒಳಗಿನ ಬಿರುಕು ಕಾಣುತ್ತಿರಲಿಲ್ಲ ಎಂದು ಅವನು ಕೂಗುವನು. ಅದನ್ನು ಕಾನೂನಿನ ಬಾಯಲ್ಲೇ ಹೇಳಿಸುತ್ತೇನೆಂಬ ಹಟಕ್ಕೆ ಬಿದ್ದು ಪುಸ್ತಕ ಹಿಡಿದಿದ್ದ.

ಯಾರದೋ ಕಥೆಯೆಂಬಂತೆ ಇದನ್ನು ತರಗತಿಯಲ್ಲಿ ಹೇಳಿಬಿಟ್ಟಿದ್ದ, ಪುಣ್ಯಾತ್ಮ. ಮೇಡಂ ಅದನ್ನೇ ಇಪ್ಪತ್ತು ಅಂಕದ ಪ್ರಶ್ನೆ ಮಾಡಿದರು: ತಪಾಸಣೆ ತಪ್ಪಿದೆ, ಲಿಫ್ಟಿನ ಚಕ್ರ ತಿರುಗಿಸುವ ಉಕ್ಕಿನ ಶಾಫ್ಟಿನೊಳಗೆ ತಯಾರಿಕೆಯಲ್ಲೇ ಬಿರುಕಿದೆ, ‘ಬಳಸಬೇಡಿ’ ಎಂಬ ಬೋರ್ಡಿದ್ದರೂ ಹೆಂಗಸು ಹತ್ತಿದ್ದಾಳೆ. ಹೊಣೆ ಯಾರದು?

ಪಾಸಾಗಲು ಈ ಪ್ರಶ್ನೆಯಲ್ಲಿ ಹದಿನಾಲ್ಕು ಬೇಕು, ಬಂದದ್ದು ಎಂಟು. ಇದು ಕೊನೆಯ ಅವಕಾಶ. ತಪ್ಪಿದರೆ ಕಾಲೇಜಿಗೇ ನಮಸ್ಕಾರ. ಅವನು ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ನುಗ್ಗಿದ.

ಮೇಡಂ ಮುಖ ಗಂಟಿಕ್ಕಿಕೊಂಡೇ ಮಾದರಿ ಉತ್ತರದ ಹಾಳೆ ಎಸೆದರು. ನಾಲ್ಕು ಭಾಗ, ತಲಾ ಐದು ಅಂಕ. ಮೆಕ್ಯಾನಿಕ್ಕಿಗೆ ಎಚ್ಚರ ವಹಿಸುವ ಕರ್ತವ್ಯ ಇತ್ತೇ, ಇದಕ್ಕೆ ಅವನು ಐದು ಗಳಿಸಿದ್ದ. ಅದನ್ನು ಮುರಿದನೇ, ಮೂರು. ಮುರಿದದ್ದರಿಂದಲೇ ಹಾನಿಯಾಯಿತೇ, ಸೊನ್ನೆ. ಪ್ರತಿವಾದಿಗೆ ರಕ್ಷಣೆಯ ವಾದಗಳೇನು, ಅದನ್ನು ಬರೆದೇ ಇರಲಿಲ್ಲ. ಮೂರನೆಯದರಲ್ಲಿ ಹಾಳೆ ಹೇಳಿದ್ದು ಇಷ್ಟೇ: ತಪಾಸಣೆಯಿಲ್ಲ, ಕಾಲು ಮುರಿದಿದೆ, ಆದ್ದರಿಂದ ಹೊಣೆ.

ಅವನಿಗೆ ರೇಗಿತು. ತಿಂಗಳ ತಪಾಸಣೆಯಲ್ಲಿ ಶಾಫ್ಟನ್ನು ಹೊರಗಿನಿಂದ ನೋಡುವುದಷ್ಟೇ, ಒಳಬಿರುಕು ಕಾಣುವುದಿಲ್ಲ, ಮೆಕ್ಯಾನಿಕ್ಕು ಬಂದು ನೋಡಿದ್ದರೂ ಲಿಫ್ಟು ಬೀಳುತ್ತಿತ್ತು, ಅಂದ ಮೇಲೆ ತಪ್ಪಿದ ತಪಾಸಣೆ ಹಾನಿಗೆ ಕಾರಣವೇ ಅಲ್ಲ ಎಂದು ಮೇಜು ಕುಟ್ಟಿ ವಾದಿಸಿದ. ಮೇಡಂ ತಮ್ಮ ಪ್ರಶ್ನೆಯನ್ನು ತಾವೇ ಎರಡು ಸಲ ಓದಿದರು. ಆಮೇಲೆ ವಿಷ ನುಂಗಿದಂತೆ ಐದು ಅಂಕ ಹಾಕಿದರು.

ಒಂದು ಅಂಕ ಕಮ್ಮಿ.

“ಕಾರಣ ಇಲ್ಲ ಅಂತ ಅಲ್ಲಿಗೇ ನಿಲ್ಲಿಸಿಬಿಡೋದಾ? ‘ಒಂದು ವೇಳೆ ನನ್ನ ಈ ವಾದ ಬಿದ್ದರೂ’ ಅಂತ ಮುಂದಕ್ಕೂ ಬರೀಬೇಕು. ಈಗ ಬಾಯಲ್ಲಾದ್ರೂ ಹೇಳಿ, ಒಂದು ಅಂಕ ಕೊಡ್ತೀನಿ. ಬೋರ್ಡ್ ನೋಡಿಯೂ ಹತ್ತಿದವಳದ್ದೂ ತಪ್ಪಿದೆ, ಅವಳ ಪಾಲಿನಷ್ಟು ಪರಿಹಾರ ಕಡಿಮೆಯಾಗಬೇಕು. ಅಷ್ಟು ಹೇಳಿದ್ರೆ ಸಾಕು,” ಎಂದರು ಮೇಡಂ.

ಅದನ್ನು ಮಾತ್ರ ಹೇಳಲಾರೆ ಎಂದು ಅವನು ತಲೆ ಅಲ್ಲಾಡಿಸಿದ. ಬೋರ್ಡು ತನ್ನ ಕಣ್ಣಿಗೆ ಬೀಳಲೇ ಇಲ್ಲ ಎಂದು ಹೆಂಡತಿ ಊರೆಲ್ಲ ಹೇಳಿದ್ದಳು, ಅವನೂ ನಂಬಿದ್ದ. ಮೇಡಂ ಗಡಿಯಾರ ನೋಡಿದರು, ಹದಿಮೂರು ಎಂದು ಬರೆದು ಪತ್ರಿಕೆ ಮಡಚಿದರು.

ಮನೆಯಲ್ಲಿ ಎಲ್ಲವನ್ನೂ ಹೇಳಿ, ತೃಪ್ತಿಯಾಯಿತೇ ಎಂದು ಕೇಳಿದ. ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು.

“ನೀವು ಅದನ್ನ ಹೇಳಿಬಿಡಬೇಕಿತ್ತು ಕಣ್ರಿ. ಬೋರ್ಡ್ ನಾನು ನೋಡಿದ್ದೆ. ನೀವು ನೋಡ್ಕೊಳ್ಳೋ ಲಿಫ್ಟು, ಏನ್ ಮಹಾ ಆಗುತ್ತೆ ಅಂತ ಹತ್ತಿದೆ.”