ಸಾಹೇಬರ ಹೆಸರಿನ ಐದು ಪತ್ರಗಳು

ಆಡಿಟರ್ ಸಾಹೇಬರ ಮಾತು ನಿಂತ ವರ್ಷವೇ ನಮ್ಮ ಆಫೀಸಿನಿಂದ ಹೊಸ ಕ್ಲೈಂಟ್‌ಗಳಿಗೆ ಸ್ವಾಗತದ ಇಮೇಲ್ ಹೋಗತೊಡಗಿತು. ಎರಡಕ್ಕೂ ಸಂಬಂಧವಿತ್ತು. ಬೆಳಗಾವಿಯ ಶಿವಬಸವ ನಗರದಲ್ಲಿ ಒಂದು ಮನೆಯ ಕೆಳ ಅಂತಸ್ತಿನಲ್ಲಿದ್ದ ಆ ಆಫೀಸಿನಲ್ಲಿ ನಾನು ಫೋನು, ಪತ್ರ, ಫೈಲು ನೋಡಿಕೊಳ್ಳುತ್ತಿದ್ದೆ. ಲೆಕ್ಕ ಬರೆಯಲು ಬೇರೆಯವರಿದ್ದರು. ಬಂದವರನ್ನು ಕೂಡಿಸಿ ಮಾತಾಡಿಸುವುದು ನನ್ನ ಪಾಲಿಗೆ ಬಂದಿತ್ತು.

ಹೊಸಬರು ಯಾರೇ ಬಂದರೂ ಸಾಹೇಬರು ಎದುರಿಗೆ ಕೂಡಿಸಿಕೊಂಡು, ಚಹಾ ತರಿಸಿ, ಸಾವಕಾಶವಾಗಿ ಮಾತಾಡುತ್ತಿದ್ದರು. ಯಾವ ಕಾಗದ ಯಾಕೆ ಬೇಕು, ಜಿಎಸ್‌ಟಿಗೆ ತಿಂಗಳ ಯಾವ ತಾರೀಖಿನೊಳಗೆ ಏನು ಕೊಡಬೇಕು, ನಮ್ಮ ಆಫೀಸಿನ ಹೆಸರು ಹೇಳಿ ಯಾರು ಕೇಳಿದರೂ ಬ್ಯಾಂಕಿನ ಒಟಿಪಿ ಯಾಕೆ ಕೊಡಬಾರದು, ಎಲ್ಲ ಹೇಳುತ್ತಿದ್ದರು. ಲೆಕ್ಕದಲ್ಲಿ ತಪ್ಪಾದರೆ ಮುಚ್ಚಿಡಬೇಡಿ, ತೆರಿಗೆ ಇಲಾಖೆಗಿಂತ ಮೊದಲು ನನಗೆ ಗೊತ್ತಾಗಲಿ ಎಂದು ಕೊನೆಗೆ ನಗುತ್ತಿದ್ದರು. ಅವರ ಕೋಣೆಗೂ ನನ್ನ ಮೇಜಿಗೂ ನಡುವೆ ಇದ್ದದ್ದು ತೆಳ್ಳನೆಯ ಪ್ಲೈವುಡ್ ಗೋಡೆ. ವರ್ಷಗಟ್ಟಲೆ ಕೇಳಿ ಆ ಮಾತು ನನಗೆ ಬಾಯಿಪಾಠವಾಗಿಬಿಟ್ಟಿತ್ತು.

ಗಂಟಲಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಸಾಹೇಬರು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಆಫೀಸಿಗೆ ಬಂದರು. ಹೇಳಬೇಕಾದದ್ದನ್ನು ಮೊಬೈಲಿನಲ್ಲಿ ಬರೆದು ಎದುರಿನವರಿಗೆ ತೋರಿಸುತ್ತಿದ್ದರು. ಹಳೆಯ ಪಾರ್ಟಿಗಳು ಹೇಗೋ ಹೊಂದಿಕೊಂಡರು. ಹೊಸದಾಗಿ ಬಂದವರು ಆ ಪರದೆಯನ್ನೂ ಅವರ ಕುತ್ತಿಗೆಯನ್ನೂ ನೋಡಿ ಬೇಗ ಎದ್ದು ಹೋಗುತ್ತಿದ್ದರು. ಸಾಹೇಬರ ಅಣ್ಣನ ಮಗನೂ ಆಡಿಟರ್, ಆಫೀಸಿನ ಪಾಲುದಾರ. ಇಮೇಲ್‌ಗಳ ವಿಚಾರ ತಂದದ್ದು ಅವರೇ. ಹೊಸ ಕ್ಲೈಂಟ್ ಒಪ್ಪಂದದ ಪತ್ರಕ್ಕೆ ಸಹಿ ಹಾಕಿದೊಡನೆ ಸಾಫ್ಟ್‌ವೇರ್ ತಾನಾಗಿ ಮೊದಲ ಪತ್ರ ಕಳಿಸುತ್ತದೆ, ಮುಂದಿನವು ಒಂದೊಂದಾಗಿ ಹೋಗುತ್ತವೆ, ಕಾಕಾ ಹೇಳುತ್ತಿದ್ದದ್ದನ್ನೇ ಬರೆದರೆ ಸಾಕು ಎಂದರು. ಸಾಹೇಬರು ನನ್ನ ಕಡೆ ಕೈ ಮಾಡಿದರು. ಆ ಮಾತೆಲ್ಲ ನನ್ನ ಹತ್ತಿರ ಇದೆ ಎಂಬುದು ಅವರಿಗೆ ಗೊತ್ತಿತ್ತು.

ಹಾಗೆ ಐದು ಪತ್ರಗಳಾದವು. ಮೊದಲನೆಯದು ಬರೀ ಸ್ವಾಗತ, ಸಾಹೇಬರು ಎದುರಿಗೆ ಕೂಡಿಸಿ ಮಾತಾಡಿಸಿದ ಹಾಗೆ: ನಿಮ್ಮ ಕೆಲಸ ಯಾರು ನೋಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು. ಎರಡನೆಯದರಲ್ಲಿ ಬೇಕಾದ ಕಾಗದಗಳು, ಅವನ್ನು ಹಾಕಲು ಒಂದು ಲಿಂಕ್. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಇಮೇಲ್‌ಗೆ ಅಂಟಿಸಿ ಕಳಿಸಬೇಡಿ ಎಂಬ ಸೂಚನೆ. ಕಾಗದ ಹಾಕಿದವರಿಗೆ ಮತ್ತೆ ನೆನಪೋಲೆ ಹೋಗದಂತೆ ಸಾಫ್ಟ್‌ವೇರಿಗೆ ಹೇಳಿದ್ದೆವು. ಮೂರನೆಯದು ತಿಂಗಳ ತಾರೀಖುಗಳದು. ಜಗಳ ಬಂದದ್ದು ನಾಲ್ಕನೆಯದಕ್ಕೆ. ಅದರಲ್ಲಿ ನಾವು ಮಾಡಿಕೊಡುವ ಉಳಿದ ಕೆಲಸಗಳಿದ್ದವು: ಆಳುಗಳ ಪಗಾರ ಮತ್ತು ಪಿಎಫ್ ಲೆಕ್ಕ, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್, ಪಾಲುದಾರಿಕೆಯ ಪತ್ರ. ಆಡಿಟರುಗಳು ಊರಿಗೆಲ್ಲ ಜಾಹೀರಾತು ಕೊಡುವಂತಿಲ್ಲ, ಆದರೆ ನಮ್ಮ ಕ್ಲೈಂಟ್ ಆದವರಿಗೆ ಹೇಳಲು ಅಡ್ಡಿಯಿಲ್ಲ, ಅದನ್ನು ಮೊದಲ ದಿನವೇ ಹೇಳಿಬಿಡೋಣ ಎಂದು ಅಣ್ಣನ ಮಗ ಹೇಳಿದರು. ಸಾಹೇಬರು ಬಹಳ ಹೊತ್ತು ಏನೋ ಬರೆದು ಅಳಿಸಿ, ಕೊನೆಗೆ ಮೊಬೈಲ್ ತಿರುಗಿಸಿ ತೋರಿಸಿದರು.

“ಊಟಕ್ಕ ಕುಂತಾನ. ಮದಲ ಅನ್ನ ಹಾಕು. ಮನಿ ತುಂಬ ಏನೇನ ಐತಿ ಅಂತ ಆಮ್ಯಾಲೆ ತೋರಸು.”

ಅವರ ಮಾತೇ ಗೆದ್ದಿತು. ಮೊದಲ ರಿಟರ್ನ್ ಸಲ್ಲಿಸಿ ಮುಗಿಯುವವರೆಗೆ ನಾಲ್ಕನೆಯ ಪತ್ರ ಹೋಗುವುದಿಲ್ಲ. ಹೋದಾಗಲೂ ಆಯಾ ಕ್ಲೈಂಟಿಗೆ ಹೊಂದುವ ಒಂದೇ ಕೆಲಸದ ಬಗ್ಗೆ ಇರುತ್ತದೆ ಎಂದಾಯಿತು. ಐದನೆಯದರಲ್ಲಿ ಒಂದು ಪ್ರಶ್ನೆ: ನಮ್ಮಿಂದ ಏನಾದರೂ ಕೊರತೆಯಾಗಿದೆಯೇ? ಪ್ರತಿ ಪತ್ರದ ಕೆಳಗೆ ಸಾಹೇಬರ ಹೆಸರು, ಅದರ ಮೇಲೊಂದು ಸಾಲು: ‘ಈ ಪತ್ರಕ್ಕೆ ಉತ್ತರ ಬರೆದರೆ ನಾನೇ ಓದುತ್ತೇನೆ.’ ಎಲ್ಲವನ್ನೂ ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ. ನನ್ನ ತಾಯಿಯ ಮನೆ ಮರಾಠಿಯದು.

ಮೊದಮೊದಲು ಆ ಪತ್ರ ಹೋದವರಲ್ಲಿ ಖಾನಾಪುರದ ಒಬ್ಬ ಹೆಣ್ಣುಮಗಳಿದ್ದರು, ಮರಾಠಿ ರೂಢಿಯಂತೆ ಎಲ್ಲರೂ ಬಾಯಿ ಎನ್ನುತ್ತಿದ್ದವರು. ನಡುವಯಸ್ಸು ದಾಟಿದವರು, ಊರ ಹೊರಗೆ ಗೋಡಂಬಿ ಒಡೆದು ಸುಲಿಯುವ ಸಣ್ಣ ಕಾರಖಾನೆ ನಡೆಸುತ್ತಿದ್ದರು. ಸಾಹೇಬರನ್ನು ಅವರು ನೋಡಿರಲಿಲ್ಲ. ಪರಿಚಯದವರ ಮಾತು ಕೇಳಿ ಸಹಿ ಮಾಡಿ ಕಳಿಸಿದ್ದರು. ಮೊದಲ ಪತ್ರಕ್ಕೇ ಉತ್ತರ ಬಂತು, ಮರಾಠಿಯಲ್ಲಿ, ಎರಡು ಪುಟವಾಗುವಷ್ಟು. ಇಷ್ಟು ವರ್ಷ ಯಾವ ಲೆಕ್ಕದವರೂ ತಮ್ಮನ್ನು ಕೂಡಿಸಿ ಹೀಗೆ ಮಾತಾಡಿಸಿರಲಿಲ್ಲ ಎಂದು ಬರೆದಿದ್ದರು. ಜೊತೆಗೆ ಕಾರಖಾನೆಯ ಹೊಗೆ, ಕೈಗೆ ಹತ್ತುವ ಎಣ್ಣೆಯಿಂದ ಸುಟ್ಟ ಬೆರಳುಗಳು, ಹೊಸ ಯಂತ್ರ ಕೊಂಡರೆ ಹೆಂಗಸರ ಕೆಲಸ ಹೋಗುತ್ತದೆಂಬ ಅಳುಕು.

ಸಾಹೇಬರು ಅದನ್ನು ಓದಿದ ದಿನ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನಾನು ಬರೆದುಕೊಡುತ್ತೇನೆ ಎಂದರೆ ಬೇಡವೆಂದು ಕೈಯಾಡಿಸಿ, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು. ಆಮೇಲೆ ಅವರಿಗಷ್ಟೇ ಅಲ್ಲ, ಯಾರ ಉತ್ತರ ಬಂದರೂ ತಾವೇ ಬರೆಯತೊಡಗಿದರು. ಬೆಳಿಗ್ಗೆ ಬಂದವರೇ ನನ್ನ ಮೇಜಿನ ಮುಂದೆ ನಿಂತು, ಬಂದಿದೆಯೇ ಎಂದು ಹುಬ್ಬು ಹಾರಿಸುತ್ತಿದ್ದರು. ಆ ಕೆಲವು ತಿಂಗಳು ಅವರು ಮತ್ತೆ ಮನುಷ್ಯರ ನಡುವೆ ಇದ್ದರು.

ಒಮ್ಮೆ ಅವರು ಖಾನಾಪುರಕ್ಕೆ ಹೋಗಬೇಕೆಂದಾಗ ನಾನೂ ಕಾರಿನಲ್ಲಿ ಜೊತೆಗೆ ಹೋದೆ. ಆ ಬಾಯಿ ಬಾಗಿಲಿಗೇ ಬಂದು ನಮಸ್ಕರಿಸಿ, ಕುಂದರ್ರಿ ಎಂದು, ಸಾಹೇಬರು ಮಾತಾಡಲೆಂದು ಕಾಯ್ದರು. ನಾನು ವಿಷಯ ಹೇಳಬೇಕಾಯಿತು. ಅವರು ಕುತ್ತಿಗೆಯ ಬಟ್ಟೆಯನ್ನು ನೋಡಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಪತ್ರದಾಗ ಅಷ್ಟ ಮಾತಾಡ್ತೀರಲ್ರಿ ಸಾಹೇಬ್ರ. ನಿಮ್ಮ ದನಿ ಇಂಥಾದ್ದ ಇರಬೇಕಂತ ನಾ ಅನ್ಕೊಂಡಬಿಟ್ಟಿದ್ದೆ.”

ಸಾಹೇಬರು ಮೊಬೈಲ್ ತೆಗೆಯಲಿಲ್ಲ. ಕೈಮುಗಿದು ಕೂತರು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ತಿರುಗಿ ಬಂತು. ಸಾಹೇಬರು ಮಹಾಂತೇಶ ನಗರದ ಮನೆಯಲ್ಲೇ ಉಳಿದರು. ಉತ್ತರಗಳನ್ನು ಅಲ್ಲಿಂದಲೇ ಸ್ವಲ್ಪ ದಿನ ಬರೆದರು, ಆಮೇಲೆ ಆಗಲಿಲ್ಲ. ಆಫೀಸಿನಲ್ಲಿ ಅಣ್ಣನ ಮಗ ಪತ್ರಗಳ ಕ್ರಮ ಬದಲಿಸಿದರು. ಉಳಿದ ಕೆಲಸಗಳ ಪತ್ರ ಎರಡನೆಯ ದಿನಕ್ಕೇ ಬಂತು, ಎಲ್ಲ ಕೆಲಸಗಳೂ ಸಾಲಾಗಿ, ಯಾರಿಗೇ ಆಗಲಿ. ಕೆಳಗೆ ಸಾಹೇಬರ ಹೆಸರೂ, ನಾನೇ ಓದುತ್ತೇನೆ ಎಂಬ ಸಾಲೂ ಹಾಗೇ ಉಳಿದವು. ಪ್ರತಿ ಪತ್ರದ ಒಂದು ಪ್ರತಿ ಸಾಹೇಬರಿಗೆ ಹೋಗುವಂತೆ ಮೊದಲೇ ಇಟ್ಟಿದ್ದೆವು. ಹಾಗಾಗಿ ಅವರಿಗೆ ಗೊತ್ತಾಯಿತು. ಒಂದು ಸಂಜೆ ನನ್ನ ಮೊಬೈಲಿಗೆ ಅವರ ಒಂದು ಸಾಲು ಬಂತು: ‘ಇದನ್ನ ನಾ ಯಾವಾಗ ಅಂದೆ?’

ಮರುದಿನ ಅದನ್ನು ಅಣ್ಣನ ಮಗನಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಸಾಹೇಬರ ಕೆಲಸವನ್ನೂ ಹೆಗಲಿಗೆ ಹಾಕಿಕೊಂಡು ಕಣ್ಣ ಕೆಳಗೆ ಕಪ್ಪಾಗಿದ್ದರು.

“ಅಕ್ಕಾರ, ಕಾಕಾನ ಹೆಸರಿದ್ರ ಜನ ಪತ್ರ ತೆಗದು ನೋಡ್ತಾರ. ನನ್ನ ಹೆಸರು ಯಾರಿಗೆ ಗೊತ್ತೈತಿ? ಮಾರ್ಚ್ ಮುಗೀಲಿ, ಎಲ್ಲಾ ಸರಿ ಮಾಡೂಣು.”

ಮಾರ್ಚ್ ಬರುವ ಮೊದಲೇ ಸಾಹೇಬರು ತೀರಿಕೊಂಡರು. ಖಾನಾಪುರದ ಬಾಯಿಯೂ ಮಣ್ಣಿಗೆ ಬಂದಿದ್ದರು, ದೂರದಲ್ಲೇ ನಿಂತಿದ್ದು ಹೊರಟುಹೋದರು. ನಾನು ಆಫೀಸಿಗೆ ಮರಳಿದ ಮೇಲೆ ಹೆಸರು ತೆಗೆಯುವ ಮಾತನ್ನು ಮತ್ತೆ ಎತ್ತಿದೆ. ವರ್ಷಾಂತ್ಯದ ಗದ್ದಲದಲ್ಲಿ ಯಾರಿಗೂ ತಲೆ ಎತ್ತಲು ಪುರಸೊತ್ತಿರಲಿಲ್ಲ. ಸಾಫ್ಟ್‌ವೇರಿನ ಪಾಸ್‌ವರ್ಡ್ ಇದ್ದದ್ದು ಅಣ್ಣನ ಮಗನ ಹತ್ತಿರ ಮಾತ್ರ. ಒಪ್ಪಂದಕ್ಕೆ ಕ್ಲೈಂಟ್ ಆನ್‌ಲೈನಿನಲ್ಲಿ ಸಹಿ ಹಾಕಿದರೆ ಸಾಕು, ಯಾರೂ ಏನೂ ಒತ್ತಬೇಕಿಲ್ಲ, ಪತ್ರ ಹೊರಡುತ್ತದೆ. ಹೊರಡುತ್ತಲೇ ಇತ್ತು.

ಹಾಗೆ ಸಹಿ ಹಾಕಿದವರಲ್ಲಿ ಖಾನಾಪುರದ ಬಾಯಿಯ ತಂಗಿ ಒಬ್ಬಳು. ಅಕ್ಕನೇ ಹೇಳಿ ನಮ್ಮಲ್ಲಿಗೆ ಕಳಿಸಿದ್ದರು. ಹೊಸದಾಗಿ ಬೇಕರಿ ಹಾಕುವವಳಿದ್ದಳು. ಎರಡು ದಿನದ ಮೇಲೆ ಅಕ್ಕನ ಫೋನ್ ಬಂತು. ಬಂದು ಹೋಗ್ರಿ ಎಂದಷ್ಟೇ ಹೇಳಿ ಇಟ್ಟರು.

ಬಸ್ಸಿನಲ್ಲಿ ಹೋದೆ. ಅಕ್ಕ ತಂಗಿ ಇಬ್ಬರೂ ಕಾರಖಾನೆಯ ಪಕ್ಕದ ಕೋಣೆಯಲ್ಲಿ ಕೂತಿದ್ದರು. ಒಳಗೆ ಗೋಡಂಬಿ ಒಡೆಯುವ ಸದ್ದು. ಅಕ್ಕ ಎರಡು ಮೊಬೈಲುಗಳನ್ನು ಬಾಜುಬಾಜು ಇಟ್ಟು ನನ್ನ ಕಡೆ ಸರಿಸಿದರು. ಒಂದರಲ್ಲಿ ಅವರಿಗೆ ಬಂದಿದ್ದ ಮೊದಲ ಪತ್ರ, ಇನ್ನೊಂದರಲ್ಲಿ ತಂಗಿಗೆ ಬಂದದ್ದು. ಯಾರಿಗೆ ಎಂಬ ಮೇಲಿನ ಹೆಸರೊಂದು ಬೇರೆ, ಉಳಿದದ್ದೆಲ್ಲ ಅಕ್ಷರಕ್ಕೆ ಅಕ್ಷರ ಅದೇ.

“ಸತ್ತವರ ಹೆಸರಲೆ ಪತ್ರ ಬಂತಂತ ಇಕಿ ಹೆದರಿದಳು,” ಎಂದರು. “ನನಗ ಹೆದರಿಕಿ ಆಗಲಿಲ್ಲರಿ. ನನಗಂತ ಬರದಾರ ಅಂತ ತಿಳಕೊಂಡಿದ್ದೆ ಇಷ್ಟ ದಿನ.”

ನಾನು ಇದ್ದದ್ದನ್ನು ಹೇಳಿದೆ. ಆ ಐದು ಪತ್ರ ಎಲ್ಲರಿಗೂ ಹೋಗುವಂಥವು, ಮಾತು ಸಾಹೇಬರದು, ಬರೆದವಳು ನಾನು. ಆದರೆ ನೀವು ಕೇಳಿದ್ದಕ್ಕೆ ಬಂದ ಉತ್ತರಗಳು ಬೇರೆ, ಅವನ್ನು ಅವರೇ ಕೂತು ಬರೆದದ್ದು, ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಯಂತ್ರ ಕೊಳ್ಳುವ ವಿಚಾರಕ್ಕೆ ಅವರು ಊಟ ಬಿಟ್ಟು ಬರೆದ ದಿನವನ್ನೂ ಹೇಳಿದೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು.

“ಇರಬಹುದು. ಖರೇ ಯಾವುದು ಅಂತ ಈಗ ಯಾರನ್ನ ಕೇಳೂದ್ರಿ? ಅವರೂ ಇಲ್ಲ.”

ಚಹಾ ಕೊಟ್ಟರು. ಕುಡಿದು ಎದ್ದೆ. ತಂಗಿ ಬಸ್ ನಿಲ್ದಾಣದವರೆಗೆ ಬಂದಳು, ದಾರಿಯಲ್ಲಿ ಪಿಎಫ್ ಲೆಕ್ಕಕ್ಕೆ ಬೇರೆ ದುಡ್ಡು ಕೊಡಬೇಕೇನು, ಪತ್ರದಲ್ಲಿ ಬಹಳ ಬರೆದಿದೆ, ಎಲ್ಲವನ್ನೂ ತಗೊಳ್ಳಲೇಬೇಕೇನು ಎಂದು ಕೇಳಿದಳು. ಇನ್ನೂ ಒಲೆ ಹಚ್ಚದವಳಿಗೆ ಅಷ್ಟೂ ಕೆಲಸಗಳ ಪಟ್ಟಿ ಹೋಗಿತ್ತು. ಬೇಡ, ಸದ್ಯ ಯಾವುದೂ ಬೇಡ ಎಂದು ಹೇಳಿ ಬಸ್ ಹತ್ತಿದೆ.

ಮರುದಿನ ಅಣ್ಣನ ಮಗ ನನ್ನ ಮಾತನ್ನು ಪೂರ್ತಿ ಕೇಳಿದರು. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತು, ಹೊರಡಲು ಕಾಯುತ್ತಿದ್ದ ಪತ್ರಗಳನ್ನೆಲ್ಲ ನಿಲ್ಲಿಸಿದರು. ಆಮೇಲೆ ಐದರಿಂದಲೂ ಹೆಸರು ತೆಗೆದರು, ನಾನೇ ಓದುತ್ತೇನೆ ಎಂಬ ಸಾಲನ್ನೂ. ಅಲ್ಲಿ ಏನು ಬರೆಯುವುದೆಂದು ನನ್ನನ್ನು ಕೇಳಿದರು. ಆಫೀಸಿನ ಹೆಸರು, ಫೋನ್ ನಂಬರು ಹಾಕಿದೆವು. ಉಳಿದ ಕೆಲಸಗಳ ಪತ್ರವನ್ನು ಅವರೇ ಮೊದಲ ರಿಟರ್ನ್ ಆದ ಮೇಲಷ್ಟೇ ಹೋಗುವಂತೆ ಸರಿಸಿದರು.

ಹೊಸ ಪತ್ರಗಳು ಈಗಲೂ ಹೋಗುತ್ತವೆ. ಜನ ತೆರೆದು ನೋಡುತ್ತಾರೆ, ಕಾಗದ ಹಾಕುತ್ತಾರೆ, ತಾರೀಖು ತಪ್ಪಿಸುವವರು ಕಡಿಮೆಯಾಗಿದ್ದಾರೆ. ಉತ್ತರ ಬರೆಯುವವರು ಇಲ್ಲ.

ಆ ಬೇಸಿಗೆಯ ಕೊನೆಗೆ ಖಾನಾಪುರದ ಆಡಿಟರೊಬ್ಬರಿಂದ ಪತ್ರ ಬಂತು. ಗೋಡಂಬಿ ಕಾರಖಾನೆಯ ಕೆಲಸ ತಮಗೆ ವಹಿಸಿದ್ದಾರೆ, ನಿಮ್ಮದೇನಾದರೂ ತಕರಾರಿದ್ದರೆ ತಿಳಿಸಿ ಎಂದಿತ್ತು. ಕ್ಲೈಂಟ್ ಆಡಿಟರರನ್ನು ಬದಲಿಸಿದಾಗ ಹಾಗೆ ಕೇಳುವುದು ನಮ್ಮ ವೃತ್ತಿಯಲ್ಲಿ ಪದ್ಧತಿ. ಅಣ್ಣನ ಮಗ ಅದನ್ನು ಎರಡು ಸಲ ಓದಿ, ತಕರಾರಿಲ್ಲ ಎಂದು ಬರೆಯಲು ಹೇಳಿದರು. ಬರೆದು ತಂದೆ. ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕದೆ ಕಿಟಕಿಯ ಕಡೆ ತಿರುಗಿ ಕೂತರು. ನಾನು ಅದನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ.