ಬಾಗಿಲ ಕಂಬದ ಕಂದು ಕಲೆ

ಕುಂಞಿ ಮೋನು ಅವರನ್ನು ನಾನು ಮೊದಲು ಕಂಡ ದಿನ, ಅವರು ಕಡಬದ ತಮ್ಮ ಮರದ ಪಾಲಿಶ್ ಅಂಗಡಿಯಲ್ಲಿ ಒಂದು ತೊಟ್ಟಿಲಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು ಚಿಮಟದಿಂದ ಕೂದಲು ಕೀಳುತ್ತಿದ್ದರು. ಹಲಸಿನ ಮರದ ತೊಟ್ಟಿಲು; ವಾರ್ನಿಶ್ ಇನ್ನೂ ಅಂಟು. ಅದರ ನಾಲ್ಕು ಕಾಲಿಗೂ ಒಂದೇ ಎತ್ತರದಲ್ಲಿ ಹಳದಿ ರೋಮ ಮೆತ್ತಿಕೊಂಡಿತ್ತು. ರೋಮದ ಒಡತಿಯಾದ ಬೆಕ್ಕು ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಅವರ ಮೊಣಕಾಲಿಗೆ ಕೆನ್ನೆ ತೀಡುತ್ತಿತ್ತು.

"ಹೋಗು ಪುಚ್ಚೆ! ಮೂವತ್ತು ವರ್ಷದ ಮರ್ಯಾದೆಯನ್ನು ನಿನ್ನ ಕೆನ್ನೆಯಲ್ಲಿ ಒರಸಿ ಹಾಕಿದೆಯಲ್ಲ!"

ಹಾಗಾದದ್ದು ಅದು ಎರಡನೆಯ ಸಲ. ಮೊದಲ ಸಲ ಮರಳುಕಾಗದ ಹಾಕಿ ಉಜ್ಜಿ, ಒರಸಿ, ಹೊಸದಾಗಿ ಒಂದು ಕೈ ವಾರ್ನಿಶ್ ಬಳಿದಿದ್ದರು. ಮರುದಿನ ಪುಚ್ಚೆ ಅದೇ ಜಾಗಕ್ಕೆ ಕೆನ್ನೆ ಕೊಟ್ಟಿತ್ತು. ಷಟರ್ ಎಳೆದುಬಿಡೋಣವೆಂದರೆ ಮಳೆಗಾಲದ ತೇವಕ್ಕೆ ವಾರ್ನಿಶ್ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಗಾಳಿಯೇ ಬೇಕು.

ಅಷ್ಟರಲ್ಲಿ ಪಂಜದಿಂದ ಕಮಲಾವತಿಯಕ್ಕ ಬಂದರು. ಭಾನುವಾರ ಅವರ ಮೊಮ್ಮಗಳನ್ನು ಈ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಂದು ಗುರುವಾರ.

"ಇದೆಂತ ಮೋನಾಕ, ತೊಟ್ಟಿಲಿಗೆ ಮೀಸೆ ಬಂದದ್ದು?"

"ಸರಿ ಮಾಡಿ ಕೊಡ್ತೇನೆ ಅಕ್ಕ."

"ಮಗುವಿನ ಬಾಯಿಗೆ ಹೋಗುವ ಕೂದಲು ಮಾರಾಯ್ರೆ. ಶನಿವಾರ ಸಂಜೆ ಒಂದೇ ಒಂದು ಕಂಡರೂ ಸಾಕು, ಪುತ್ತೂರಿನಿಂದ ರೆಡಿಮೇಡ್ ತರುದು. ನಿಮ್ಮದು ಬೇಡವೇ ಬೇಡ."

ಹೇಳಿ ಹೋದರು. ಕಮಲಾವತಿಯಕ್ಕ ಒಮ್ಮೆ ಬೇಡವೆಂದರೆ ಪಂಜದ ಹತ್ತು ಮನೆಗಳು ಬೇಡವೆಂದ ಹಾಗೆ.

ಬೆಕ್ಕಿಗೆ ತುರಿಕೆ ಇರಬೇಕೆಂದು ಮೋನು ಲೆಕ್ಕ ಹಾಕಿದರು. ಸೋಪು ಹಚ್ಚಿ ತೊಳೆದರು. ಕೈಗೆ ಏಳು ಗೀರು ಬಿತ್ತು. ಮೈ ಒಣಗಿದ ಮೇಲೆ ಪುಚ್ಚೆ ಸ್ಟೂಲಿಗೆ, ಡಬ್ಬಕ್ಕೆ, ಊಟ ತಂದ ಹೆಂಡತಿ ಝುಲೈಖಾಳ ಕಾಲಿಗೆ, ಎಲ್ಲದಕ್ಕೂ ಮೊದಲಿಗಿಂತ ಹೆಚ್ಚಾಗಿ ತೀಡತೊಡಗಿತು.

"ಇದನ್ನು ಹೊಳೆಯಾಚೆ ಬಿಟ್ಟು ಬರ್ತೇನೆ" ಎಂದರು ಮೋನು.

"ಬಿಡಿ. ಆಮೇಲೆ ನೀವೂ ಅಲ್ಲೇ ಇರಿ" ಎಂದಳು ಝುಲೈಖಾ.

ಶುಕ್ರವಾರ ಬೆಳಿಗ್ಗೆ ಅದನ್ನು ಬುಟ್ಟಿಯಲ್ಲಿ ಹಾಕಿ ದನದ ಆಸ್ಪತ್ರೆಗೆ ಒಯ್ದರು. ಅಲ್ಲಿನ ಇನ್‌ಸ್ಪೆಕ್ಟರ್ ಸುದರ್ಶನರನ್ನು ಊರೆಲ್ಲ ಡಾಕ್ಟ್ರೇ ಎನ್ನುತ್ತದೆ. ಅವರು ರೋಮ ಬಿಡಿಸಿ ನೋಡಿದರು.

"ತುರಿಕೆಯೂ ಇಲ್ಲ, ಕಜ್ಜಿಯೂ ಇಲ್ಲ. ಇದರ ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಅಲ್ಲೆಲ್ಲ ವಾಸನೆಯ ಗ್ರಂಥಿ ಉಂಟು. ತೀಡಿದಾಗ ಆ ವಾಸನೆ ಅಂಟುತ್ತದೆ. ನಮ್ಮ ಮೂಗಿಗೆ ಗೊತ್ತಾಗುದಿಲ್ಲ. ಇದು ನನ್ನ ಪರಿಚಯದ ಜಾಗ, ಇವನು ನನ್ನವನು ಎಂದು ಅದರ ಗುರುತು. ಕಾಲಿಗೆ ತೀಡುದು ನಮಸ್ಕಾರವೂ ಹೌದು, ಊಟ ಕೊಡಿ ಎನ್ನುದೂ ಹೌದು."

"ನನ್ನ ತೊಟ್ಟಿಲಿಗೆ ಎಂತಕ್ಕೆ ನಮಸ್ಕಾರ?"

"ಹೊಸ ವಸ್ತುವಲ್ಲವಾ? ನೀವು ಉಜ್ಜಿ ಅಳಿಸಿದಿರಿ, ಅದು ಮತ್ತೆ ಬರೆಯಿತು. ಸೋಪು ಹಾಕಿ ಮೈಯ ವಾಸನೆಯನ್ನೂ ತೆಗೆದಿರಿ. ಮೊದಲು ಎಲ್ಲಿ ತೀಡ್ತಾ ಇತ್ತು?"

ಮೋನು ಇದ್ದದ್ದನ್ನು ಹೇಳಿದರು. ಅಂಗಡಿಯ ಬಾಗಿಲ ಕಂಬದಲ್ಲಿ ಬೆಕ್ಕಿನ ಕೆನ್ನೆಯ ಎತ್ತರಕ್ಕೆ ಒಂದು ಜಿಡ್ಡು ಹಿಡಿದ ಕಂದು ಕಲೆ ಇತ್ತು. ಪಾಲಿಶ್ ಕೆಲಸದವನ ಕಣ್ಣು ಅದನ್ನು ಸಹಿಸುವುದಾದರೂ ಹೇಗೆ? ಹದಿನೈದು ದಿನಗಳಿಂದ ಪ್ರತಿದಿನ ಸೋಪುನೀರಿನಲ್ಲಿ ಒರಸುತ್ತಿದ್ದರು.

"ಅಲ್ಲಿಗೆ ಅದರ ಹಳೆಯ ಗುರುತೂ ಹೋಯಿತು" ಎಂದರು ಸುದರ್ಶನ. "ಕಂಬ ಮುಟ್ಟಬೇಡಿ. ಒಣ ಬಟ್ಟೆಯಿಂದ ಅದರ ಕೆನ್ನೆ ಸವರಿ, ಅದೇ ಬಟ್ಟೆಯನ್ನು ಕಂಬಕ್ಕೆ ತಿಕ್ಕಿ. ತೊಟ್ಟಿಲನ್ನು ಎತ್ತರದಲ್ಲಿಡಿ. ಖಂಡಿತ ಎಂದು ನಾನು ಹೇಳುದಿಲ್ಲ, ಬೆಕ್ಕು ಅಲ್ಲವಾ!"

ಮೂವತ್ತು ವರ್ಷ ಕಲೆ ತೆಗೆದ ಕೈಯಿಂದ ಮೋನು ಅಂದು ಬೈಯುತ್ತಾ ಬೈಯುತ್ತಾ ಕಲೆ ಹಚ್ಚಿದರು. ತೊಟ್ಟಿಲಿಗೆ ಕೊನೆಯ ಕೈ ಬಳಿದು ಎರಡು ಬೆಂಚುಗಳ ಮೇಲೇರಿಸಿದರು. ಪುಚ್ಚೆ ಬಂದಿತು, ಕಂಬ ಮೂಸಿತು. ಬೆಂಚಿನ ಕಡೆ ಒಮ್ಮೆ ನೋಡಿತು. ಬೆಕ್ಕು ಮತ್ತೆ ಕಂಬಕ್ಕೇ ತಿರುಗಿ ಕೆನ್ನೆ ತೀಡಿತು, ಬೆನ್ನು ತೀಡಿತು, ಅವರ ಕಾಲನ್ನೊಮ್ಮೆ ಸುತ್ತಿ ಗೋಣಿಯ ಮೇಲೆ ಮಲಗಿತು.

ಶನಿವಾರ ಸಂಜೆ ಕಮಲಾವತಿಯಕ್ಕ ಕನ್ನಡಕ ಹಾಕಿ ತೊಟ್ಟಿಲನ್ನು ಸುತ್ತಿ ಸುತ್ತಿ ನೋಡಿದರು. ಒಂದು ಕೂದಲೂ ಸಿಗಲಿಲ್ಲ. ಜೀಪಿಗೆ ಏರಿಸುವಾಗ ಬಾಗಿಲ ಕಂಬ ಅವರ ಕಣ್ಣಿಗೆ ಬಿತ್ತು.

"ಪಾಲಿಶಿನವರ ಬಾಗಿಲಿಗೇ ಇಂಥ ಕೊಳೆಯಾ ಮೋನಾಕ?"

ಮೋನು ಹಲ್ಲು ಕಚ್ಚಿ ನಕ್ಕರು.

ಈಗಲೂ ಅವರು ದಿನಾ ಷಟರ್ ಎತ್ತಿದ ಕೂಡಲೇ ಮೊದಲು ಎಡಗಾಲು ಮುಂದೆ ಚಾಚಿ ನಿಲ್ಲುತ್ತಾರೆ. ಬೆಕ್ಕಿನ ನಮಸ್ಕಾರ ಮುಗಿಯದೆ ಬಣ್ಣದ ಡಬ್ಬ ತೆರೆಯುವುದಿಲ್ಲ. ಬಂದವರು ಕಂಬದ ಕಲೆ ತೋರಿಸಿದರೆ ಕೆಂಡವಾಗುತ್ತಾರೆ: "ಗೊತ್ತುಂಟು ಮಾರಾಯ್ರೆ, ಕಣ್ಣು ನನಗೂ ಉಂಟು. ಒರಸಬೇಡಿ!"