ಪ್ರತಿ ಶನಿವಾರ ನಾಲ್ಕು ಹಳೇ ಲೆಕ್ಕ

ನಾನು ಓದಿನಲ್ಲಿ ಬಲು ಜಾಣೆ ಎಂಬ ಸುದ್ದಿಯನ್ನು ಹೊಳೆನರಸೀಪುರದ ತುಂಬ ಹಬ್ಬಿಸಿದವರು ನಮ್ಮಪ್ಪ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪಹಣಿ ಕೇಳಿಕೊಂಡು ಬಂದವರಿಗೆ ಪಹಣಿ ಸಿಗುವುದು ತಡವಾದರೂ ನನ್ನ ಮಾರ್ಕ್ಸಿನ ಸುದ್ದಿ ಮಾತ್ರ ಕೂಡಲೇ ಸಿಗುತ್ತಿತ್ತು. ಎಸ್‌ಎಸ್‌ಎಲ್‌ಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ನೂರಕ್ಕೆ ಎಂಬತ್ತೆರಡು ಬಂದಾಗಲಂತೂ ಅಪ್ಪನನ್ನು ಹಿಡಿಯುವವರೇ ಇರಲಿಲ್ಲ.

ಆ ಎಂಬತ್ತೆರಡರ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಪರೀಕ್ಷೆಗೆ ಮೂರು ದಿನ ಇದೆ ಎನ್ನುವಾಗ ಅಮ್ಮ ನನ್ನನ್ನು ಮನೆಗೆಲಸದಿಂದ ಬಿಡಿಸುತ್ತಿದ್ದರು. ನಾನು ಹಿತ್ತಲಲ್ಲಿ ಅಡ್ಡಾಡುತ್ತ ಪುಸ್ತಕದ ಲೆಕ್ಕಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡುತ್ತಿದ್ದೆ. ಇಂಥ ಲೆಕ್ಕಕ್ಕೆ ಮೊದಲ ಸಾಲು ಇದು, ಎರಡನೇ ಸಾಲು ಇದು, ಉತ್ತರ ಇಷ್ಟು. ಯಾಕೆ ಎಂದು ಕೇಳುವ ಗೋಜಿಗೆ ಹೋದವಳಲ್ಲ. ಪರೀಕ್ಷೆ ಮುಗಿದ ಮರುದಿನ ತಲೆ ಖಾಲಿ. ಅದನ್ನು ಜಾಣತನ ಎಂದೇ ನಾನೂ ನಂಬಿದ್ದೆ.

ಮಾರ್ಚಿನ ಪರೀಕ್ಷೆಯ ಮೇಲೆ ನನ್ನ ಬದುಕೆಲ್ಲ ನಿಂತಿತ್ತು. ಒಂದೇ ಸಲಕ್ಕೆ ಪಾಸಾದರೆ ಹಾಸನದಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಪಿಯುಸಿ ಓದಬಹುದು, ನಪಾಸಾದರೆ ಪುಸ್ತಕ ಅಟ್ಟಕ್ಕೆ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೊಂದು ಉಪಾಯವನ್ನೂ ಅವರೇ ಹುಡುಕಿದ್ದರು. ಜನವರಿಯಿಂದ ನಾನು ಸ್ಕೂಲಿಗೆ ಹೋಗುವುದು ಬೇಡ, ಹಾಸನದಲ್ಲಿ ಮನೆಪಾಠದವರೊಬ್ಬರು ಬರುವ ಪ್ರಶ್ನೆಗಳನ್ನಷ್ಟೇ ಆರಿಸಿ ಎರಡು ತಿಂಗಳು ಅರೆದು ಕುಡಿಸುತ್ತಾರೆ. ಇದಕ್ಕೆ ನಮ್ಮ ಕ್ಲಾಸ್ ಮೇಷ್ಟ್ರ ಒಪ್ಪಿಗೆ ಬೇಕಿತ್ತು. ನವೆಂಬರಿನಲ್ಲಿ ಅವರು ತಂದೆ ತಾಯಂದಿರ ಸಭೆ ಕರೆದಾಗ, ಕೇಳಲು ಇದೇ ಸರಿಯಾದ ಸಮಯವೆಂದು ಅಪ್ಪ ಕೋಟು ತೊಟ್ಟರು.

ಗಣಿತವನ್ನೂ ಆ ಮೇಷ್ಟ್ರೇ ಕಲಿಸುತ್ತಿದ್ದರು. ಸಣಕಲು ಮನುಷ್ಯ, ಗಟ್ಟಿಯಾಗಿ ಮಾತಾಡಿದವರಲ್ಲ. ಪ್ರತಿ ಶನಿವಾರ ಕ್ಲಾಸಿನಲ್ಲೇ ಮಾಡಲು ಹತ್ತು ಲೆಕ್ಕ ಕೊಡುತ್ತಿದ್ದರು. ಆರು ಆ ವಾರದ ಪಾಠದ್ದು, ನಾಲ್ಕು ಹಳೆಯವು. ಜೂನ್ ತಿಂಗಳಿನದೂ ಇರಬಹುದು, ಹಿಂದಿನ ವರ್ಷದ್ದೂ ಇರಬಹುದು. ನಾನು ಆರನ್ನು ಬಾಯಿಪಾಠದ ಬಲದಿಂದ ಹೇಗೋ ಮಾಡಿ, ನಾಲ್ಕನ್ನು ಬಿಟ್ಟು, ಶನಿವಾರದ ಮಾರ್ಕ್ಸು ಯಾರು ಕೇಳುತ್ತಾರೆ ಎಂದು ಹಾಯಾಗಿರುತ್ತಿದ್ದೆ.

ಸಭೆಗೆ ಎರಡು ದಿನ ಮುಂಚೆ ಅವರು ಕ್ಲಾಸಿಗೆ ಬಂದು, ಒಂದು ಮಾತೂ ಹೇಳದೆ ಪ್ರಶ್ನೆಪತ್ರಿಕೆ ಹಂಚಿದರು. ನೋಡಿದರೆ ಅದೇ ಅರ್ಧವಾರ್ಷಿಕದ್ದು. ಮೇಷ್ಟ್ರು ಮರೆತು ಹಳೆಯದನ್ನೇ ತಂದಿದ್ದಾರೆ ಎಂದು ಕಿಸಕ್ಕೆಂದು ಮೊದಲು ನಕ್ಕವಳು ನಾನೇ. ಎರಡನೆಯ ಪ್ರಶ್ನೆಗೆ ನಗು ನಿಂತಿತು. ಉತ್ತರದ ಮೊದಲ ಸಾಲು ನೆನಪಿತ್ತು, ಮುಂದಿನದು ಇರಲಿಲ್ಲ. ನಾನೇ ಬರೆದು ಮಾರ್ಕ್ಸು ತೆಗೆದ ಲೆಕ್ಕವನ್ನು ಎಂದೂ ಕಾಣದವಳಂತೆ ನೋಡುತ್ತ ಕೂತೆ.

ಭಾನುವಾರ ದೊಡ್ಡವರೆಲ್ಲ ನಮ್ಮ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತರು. ನಾವು ಗೋಡೆಗೆ ಒರಗಿ ನಿಂತೆವು. ಮೇಷ್ಟ್ರು ಯಾರ ಹೆಸರನ್ನೂ ಕೂಗದೆ, ಪ್ರತಿಯೊಬ್ಬರ ಕೈಗೂ ಅವರವರ ಮಕ್ಕಳ ಎರಡೆರಡು ಉತ್ತರಪತ್ರಿಕೆ ಕೊಟ್ಟರು. ಆಗಿನದೊಂದು, ಈಗಿನದೊಂದು. ಅಪ್ಪ ಒಂದರಲ್ಲಿ ಎಂಬತ್ತೆರಡು ನೋಡಿದರು, ಇನ್ನೊಂದರಲ್ಲಿ ಮೂವತ್ತನಾಲ್ಕು ನೋಡಿದರು. ಪಾಸಿಗೆ ಮೂವತ್ತೈದು ಬೇಕಿತ್ತು. ನಾನು ನೆಲ ನೋಡಿದೆ.

"ಮಕ್ಕಳು ಸೋಮಾರಿಗಳು ಅಂತ ಹೇಳೋಕೆ ನಿಮ್ಮನ್ನ ಕರೆದಿಲ್ಲ," ಎಂದು ಮೇಷ್ಟ್ರು ಶುರುಮಾಡಿದರು. "ಮೂರು ದಿನ ಕೂತು ಓದಿದ್ದು ನಾಲ್ಕನೇ ದಿನದ ಪರೀಕ್ಷೆಗೆ ಆಗುತ್ತೆ. ನಾನು ಇಲ್ಲ ಅನ್ನಲ್ಲ. ಆದರೆ ಆರು ವಾರ ಆದಮೇಲೆ ಎಷ್ಟು ಉಳಿದಿದೆ ಅಂತ ನಿಮ್ಮ ಕೈಯಲ್ಲೇ ಇದೆ, ನೋಡಿ. ಮಾರ್ಚಿನಲ್ಲಿ ಒಂದು ಪಾಠ ಕೇಳಲ್ಲ, ಎಲ್ಲಾ ಪಾಠ ಕೇಳ್ತಾರೆ. ಗಣಿತ ಒಂದೇ ಅಲ್ಲ, ಎಲ್ಲಾ ವಿಷಯಾನೂ ಒಟ್ಟಿಗೇ ಬರುತ್ತೆ. ಅಷ್ಟಕ್ಕೂ ಮೂರು ಮೂರು ದಿನ ಎಲ್ಲಿಂದ ತರ್ತೀರಿ?"

ಅಪ್ಪ ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ಮುಂಚೆ ತಿಳಿಸದೆ ಪರೀಕ್ಷೆ ಕೊಟ್ಟರೆ ಯಾವ ಮಗು ತಾನೇ ಬರೆಯುತ್ತೆ ಸಾರ್? ಇದು ನ್ಯಾಯವೇ?"

"ತಿಳಿಸಿದ್ದರೆ ಹಿಂದಿನ ದಿನ ಓದಿಕೊಂಡು ಬರ್ತಿದ್ದರು. ಹಿಂದಿನ ದಿನ ಏನು ಓದಿದರು ಅಂತ ತಿಳಿಯುತ್ತಿತ್ತು. ನನಗೆ ಬೇಕಾಗಿದ್ದು ಏನು ಉಳಿದಿದೆ ಅನ್ನೋದು," ಎಂದರು ಮೇಷ್ಟ್ರು, ಅದೇ ಸಣ್ಣ ದನಿಯಲ್ಲಿ. "ಮರೆಯೋದು ತಪ್ಪಲ್ಲ. ಮರೆತು ಹೋಗೋ ಹೊತ್ತಿಗೆ ಅದನ್ನೇ ಇನ್ನೊಂದು ಸಲ, ಪುಸ್ತಕ ಮುಚ್ಚಿ ಮಾಡಬೇಕು. ಮತ್ತೆ ಸ್ವಲ್ಪ ದಿನ ಬಿಟ್ಟು ಮಾಡಬೇಕು. ಪ್ರತಿ ಸಲಕ್ಕೂ ಚೂರು ಗಟ್ಟಿಯಾಗುತ್ತೆ. ಆ ನಾಲ್ಕು ಹಳೇ ಲೆಕ್ಕ ಅದಕ್ಕೇ ಕೊಡೋದು."

ಹಿಂದಿನ ಬೆಂಚಿನಿಂದ ಹರದನಹಳ್ಳಿ ಕಡೆಯ ಕೂಲಿಯವರೊಬ್ಬರು, ತಲೆಗೆ ಸುತ್ತಿದ್ದ ಟವಲು ತೆಗೆದು, "ನಂಗೆ ಓದಾಕೆ ಬರಾಕಿಲ್ಲ ಸಾ. ಇದ್ರಾಗೆ ಏನೈತೆ ಏಳಿ," ಎಂದು ಮಗಳ ಪತ್ರಿಕೆ ಚಾಚಿದರು. ಆ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ದಡ್ಡಿ ಎಂದು ನಾವೆಲ್ಲ ಗೇಲಿ ಮಾಡಿದ್ದು ಎಷ್ಟು ಸಲವೋ.

"ಆಗ ಮೂವತ್ತೊಂದು, ಈಗ ನಲವತ್ತನಾಲ್ಕು. ಪ್ರತಿ ಶನಿವಾರ ತಪ್ಪಾದ ಲೆಕ್ಕಾನ ಸೋಮವಾರ ತಿದ್ದಿಕೊಂಡು ಬರ್ತಾಳೆ."

ಆತ ಪತ್ರಿಕೆಯನ್ನು ಜೋಪಾನವಾಗಿ ಮಡಿಸಿಕೊಂಡು, "ಅಂಗಾದ್ರೆ ಸರಿ ಕಣ್ ಸಾ. ಒಂದ್ ತಿಂಗಳ ನೀರ್ನ ಒಂದೇ ದಿನ ಕಟ್ಟುದ್ರೆ ಗದ್ದೆ ಬದ ಕಿತ್ಕೊಂಡ್ ಓಯ್ತದೆ," ಎಂದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನನಗೆ ಅವಮಾನಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ.

ಸಭೆ ಮುಗಿದಮೇಲೂ ಅಪ್ಪ ನಿಂತಿದ್ದರು. ಹಾಸನದ ವಿಚಾರ ಎತ್ತುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ. "ಈಗ ಶುರುಮಾಡಿದರೆ ತಡವಾಯ್ತೇ ಸಾರ್?"

"ಮಾರ್ಚಿಗೆ ಇನ್ನೂ ಎಷ್ಟೊಂದು ಶನಿವಾರ ಇದೆ. ಆದರೆ ಬಾಯಿಪಾಠ ಬಿಟ್ಟರೆ ಮೊದಲು ಮಾರ್ಕ್ಸು ಕಮ್ಮಿ ಬರುತ್ತೆ. ಅದನ್ನ ನೀವು ತಡಕೋಬೇಕು."

ತಡೆದುಕೊಳ್ಳುವುದು ಇಬ್ಬರಿಗೂ ಸುಲಭವಾಗಲಿಲ್ಲ. ಹತ್ತಕ್ಕೆ ಮೂರು, ಮತ್ತೆ ಮೂರು, ಒಮ್ಮೆ ನಾಲ್ಕು, ಮತ್ತೆ ಮೂರು. ಪ್ರತಿ ವಾರ ಅಪ್ಪ ಆ ಶನಿವಾರದ ಪತ್ರಿಕೆಗೆ ಸಹಿ ಹಾಕುತ್ತಿದ್ದರು. ಕಚೇರಿಯಲ್ಲಿ ಮಾರ್ಕ್ಸಿನ ಮಾತೇ ನಿಂತಿತು. ದಿನಾ ಬೆಳಿಗ್ಗೆ ಅರ್ಧ ಗಂಟೆ, ಪುಸ್ತಕ ಮುಚ್ಚಿ ನಾಲ್ಕು ಲೆಕ್ಕ. ಬಾರದಿದ್ದರೆ ತೆರೆದು ನೋಡಿ, ಎರಡು ದಿನ ಬಿಟ್ಟು ಮತ್ತೆ ಅದೇ. ಎಷ್ಟೋ ಸಲ ಪೆನ್ಸಿಲು ಎಸೆದು ಅತ್ತಿದ್ದೇನೆ. ಮಾರ್ಕ್ಸಿನಲ್ಲಿ ಯಾರು ಮೊದಲು ಬಂದರು ಎಂದು ಕೇಳುತ್ತಿದ್ದ ಅಪ್ಪ ಜನವರಿಯ ಹೊತ್ತಿಗೆ, "ಯಾವುದು ತಪ್ಪಾಯ್ತಮ್ಮ, ತೋರಿಸು," ಎನ್ನತೊಡಗಿದ್ದರು. ಆಗ ನನಗೆ ಹತ್ತಕ್ಕೆ ಆರು ಬರುತ್ತಿತ್ತು, ಅದರಲ್ಲಿ ಎರಡಾದರೂ ಹಳೆಯವು.

ಪಾಸಾದೆ. ಮಾರ್ಕ್ಸ್ ಕಾರ್ಡು ತಂದ ದಿನ ಗಣಿತದ ಮುಂದೆ ಐವತ್ತೆಂಟು ಎಂದಿತ್ತು. ಎಂಬತ್ತೆರಡು ತೆಗೆದವಳು ಐವತ್ತೆಂಟಕ್ಕೆ ಇಳಿದೆನೆಂದು, ಹಾಸನ ಗಟ್ಟಿಯಾದ ಖುಷಿಯನ್ನೂ ಮರೆತು, ಬಾಗಿಲ ಹಿಂದೆ ನಿಂತು ಅತ್ತೆ.

ಅಪ್ಪ ಕಾರ್ಡನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಅಳಬೇಡ. ಆ ಎಂಬತ್ತೆರಡು ನಿಂದಾಗಿರಲಿಲ್ಲ ಕಣಮ್ಮ. ಇದು ನಿಂದು."